ಬೋನಸ್ ತೋರಿಸಿದರೂ ಸಾಲ ಏಕೆ ಏರಲಿಲ್ಲ?

ಗೃಹಸಾಲಕ್ಕೆ ಅರ್ಜಿ ಹಾಕುವವರು ಸಾಮಾನ್ಯವಾಗಿ ವರ್ಷದ ಸಿಟಿಸಿಯಿಂದ ಲೆಕ್ಕ ಶುರು ಮಾಡುತ್ತಾರೆ. ಬ್ಯಾಂಕಿನವರು ಶುರು ಮಾಡುವುದು ಸಂಬಳದ ಚೀಟಿಯಿಂದ. ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ ಸಿಟಿಸಿಯಲ್ಲಿ ಇದ್ದರೂ ಪ್ರತಿ ತಿಂಗಳು ಕೈಗೆ ಬರುವುದಿಲ್ಲ, ಹಾಗಾಗಿ ಅವು ಲೆಕ್ಕಕ್ಕಿಲ್ಲ.

ನೀವೂ ಅಲ್ಲಿಂದಲೇ ಹೊರಡಿ. ಮೂಲವೇತನ, ಮನೆ ಬಾಡಿಗೆ ಭತ್ಯೆಯಂಥ ಪ್ರತಿ ತಿಂಗಳೂ ತಪ್ಪದೆ ಬರುವ ಬಾಬತ್ತುಗಳಲ್ಲಿ ಕಡಿತ ಕಳೆದು ಖಾತೆಗೆ ಜಮೆಯಾಗುವುದು ₹60,000 ಎಂದುಕೊಳ್ಳೋಣ. (ಕೆಲವು ಬ್ಯಾಂಕ್‌ಗಳು ಕಡಿತಕ್ಕೆ ಮುಂಚಿನ ಮೊತ್ತ ಹಿಡಿಯುತ್ತವೆ. ಮೊದಲೇ ಕೇಳಿಕೊಳ್ಳಿ.)

ಇನ್ನು ಬೋನಸ್, ಇನ್ಸೆಂಟಿವ್. ಇವು ಮುಂದಿನ ವರ್ಷ ಬರುತ್ತವೆಂಬ ಖಾತರಿ ಇಲ್ಲದ್ದರಿಂದ ಬ್ಯಾಂಕ್ ಪೂರ್ತಿ ನಂಬುವುದಿಲ್ಲ. ಎರಡು ವರ್ಷದ ಸರಾಸರಿ ತೆಗೆದು ಅದರ ಅರ್ಧ ಹಿಡಿಯುವುದು ಒಂದು ರೂಢಿ. ಒಂದು ವರ್ಷ ₹1,00,000, ಮರುವರ್ಷ ₹1,40,000 ಬಂದಿದ್ದರೆ ಸರಾಸರಿ ₹1,20,000. ಅರ್ಧವೆಂದರೆ ₹60,000, ತಿಂಗಳಿಗೆ ₹5,000. ಅದೂ ಫಾರ್ಮ್ 16 ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಕಂಡರೆ ಮಾತ್ರ. ಆಫರ್ ಲೆಟರ್‌ನಲ್ಲಿ ಬರೆದ ಬೋನಸ್ಸಿಗೆ ಇಲ್ಲಿ ಬೆಲೆಯಿಲ್ಲ.

ಒಟ್ಟು ₹65,000 ಆಯಿತು. ಎಲ್ಲ ಸಾಲದ ಕಂತು ಸೇರಿ ಇದರ ಅರ್ಧ, ಅಂದರೆ ₹32,500 ದಾಟಬಾರದು ಎಂದು ಬ್ಯಾಂಕ್ ಮಿತಿ ಹಾಕಿದೆ ಎನ್ನೋಣ. ಸಂಬಳ ಹೆಚ್ಚಿದ್ದವರಿಗೆ ಈ ಮಿತಿ ಸ್ವಲ್ಪ ಸಡಿಲವಾಗುತ್ತದೆ.

ಈಗ ಹಳೆಯ ಸಾಲ. ಕಾರಿನ ಕಂತು ₹8,500. ಕ್ರೆಡಿಟ್ ಕಾರ್ಡ್‌ನಲ್ಲಿ ₹40,000 ಬಾಕಿ ಇದ್ದರೆ ಅದರ ಶೇ 5, ಅಂದರೆ ₹2,000, ತಿಂಗಳ ಹೊರೆ ಎಂದು ಹಿಡಿಯುವವರಿದ್ದಾರೆ. ಎರಡನ್ನೂ ಕಳೆದರೆ ಹೊಸ ಕಂತಿಗೆ ಉಳಿಯುವುದು ₹22,000. ಶೇ 8.5 ಬಡ್ಡಿ, 20 ವರ್ಷದ ಅವಧಿಗೆ ಒಂದು ಲಕ್ಷಕ್ಕೆ ತಿಂಗಳ ಕಂತು ಸುಮಾರು ₹868. ಭಾಗಿಸಿದರೆ ಸಿಗುವ ಸಾಲ ಸುಮಾರು ₹25.3 ಲಕ್ಷ.

ಇದರಲ್ಲಿ ಬೋನಸ್ಸಿನ ಪಾಲೆಷ್ಟು? ಅದನ್ನು ಬಿಟ್ಟು ಲೆಕ್ಕ ಹಾಕಿದರೂ ₹22.4 ಲಕ್ಷ ಸಿಗುತ್ತದೆ. ಬೋನಸ್ ತಂದುಕೊಟ್ಟದ್ದು ಮೂರು ಲಕ್ಷಕ್ಕೂ ಕಡಿಮೆ. ಕಾರಿನ ಸಾಲವೊಂದನ್ನು ತೀರಿಸಿದರೆ ಅರ್ಹತೆ ₹9.8 ಲಕ್ಷದಷ್ಟು ಏರುತ್ತದೆ! ಆ ಸಾಲದಲ್ಲಿ 12 ಕಂತು ಬಾಕಿ ಇದ್ದರೆ ತೀರಿಸಲು ಬೇಕಾಗುವ ಅಸಲು ಒಂದು ಲಕ್ಷದೊಳಗೇ. ಬೋನಸ್ಸಿನ ಕಾಗದಪತ್ರಕ್ಕೆ ಓಡಾಡುವ ಮುನ್ನ ನೋಡಬೇಕಾದ್ದು ಇದನ್ನೇ. ಆದರೆ ಮನೆಗೆ ನೀವು ಹಾಕಬೇಕಾದ ಸ್ವಂತ ಪಾಲಿನಿಂದ, ನೋಂದಣಿ ಖರ್ಚಿನಿಂದ ಈ ಹಣ ತೆಗೆಯಬೇಡಿ. ಅರ್ಹತೆ ಏರಿದರೂ ವ್ಯವಹಾರ ಅಲ್ಲೇ ನಿಲ್ಲುತ್ತದೆ. ಕೆಲವೇ ಕಂತು ಉಳಿದ ಸಾಲವನ್ನು ಲೆಕ್ಕದಿಂದಲೇ ಬಿಡುವ ಬ್ಯಾಂಕ್‌ಗಳೂ ಇವೆ, ವಿಚಾರಿಸಿ.

ಸಾಲ ತೀರಿಸಿದ ಮೇಲೆ ಬೇಬಾಕಿ ಪತ್ರ ಪಡೆಯಿರಿ. ಸಾಲ ಕೊಟ್ಟವರು ಮಾಹಿತಿ ಕಳಿಸಿ, ಸಿಬಿಲ್ ವರದಿಯಲ್ಲಿ ಅದು ಮುಕ್ತಾಯವೆಂದು ಕಾಣಲು ಕೆಲವು ವಾರ ಹಿಡಿಯಬಹುದು. ಅರ್ಜಿಯನ್ನು ಆಮೇಲೆ ಹಾಕಿ. ಯಾರಿಗಾದರೂ ಜಾಮೀನು ನಿಂತಿದ್ದರೆ ಅದೂ ಆ ವರದಿಯಲ್ಲೇ ಕಾಣುತ್ತದೆ.