ಕಟ್ಟೆ ಕೆಳಗಿನ ಪಂಚಾಯಿತಿ: ನೆರೆಗೆ ಮುನ್ನ, ನೆರೆಯಲ್ಲಿ, ನೆರೆಯ ನಂತರ ಕಲಿತ ಆರು ಪಾಠಗಳು

ಶ್ರೀರಂಗಪಟ್ಟಣ ತಾಲ್ಲೂಕಿನ ನದಿ ದಂಡೆಯ ಊರುಗಳಿಗೆ ನೆರೆ ಬರುವುದು ಇಲ್ಲಿನ ಮಳೆಯಿಂದ ಕಡಿಮೆ, ಕನ್ನಂಬಾಡಿ ಕಟ್ಟೆಯ ಗೇಟಿನಿಂದ ಹೆಚ್ಚು. ಬಾಬುರಾಯನಕೊಪ್ಪಲಿನಲ್ಲಿ ಬಿಸಿಲು ಕಾಯುತ್ತಿರುತ್ತದೆ, ಕೊಡಗಿನಲ್ಲಿ ಸುರಿದ ಮಳೆ ಮಾತ್ರ ಹೊಳೆಯಲ್ಲಿ ಏರುತ್ತಿರುತ್ತದೆ. ಹಾಗಾಗಿ ನಮ್ಮ ನೆರೆ ಮೊದಲೇ ಹೇಳಿ ಬರುವ ನೆರೆ. ಅದನ್ನು ಕೇಳಿಸಿಕೊಂಡವರು ಕೈಲಿರುವ ಕೆಲವು ಗಂಟೆಗಳಲ್ಲಿ ಏನು ಮಾಡುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಈ ಭಾಗದ ಪಂಚಾಯಿತಿಗಳಲ್ಲಿ ಪಿಡಿಒ ಆಗಿ ದುಡಿದ ವರ್ಷಗಳು ಕಲಿಸಿದ್ದನ್ನು ಇಲ್ಲಿ ಬರೆದಿದ್ದೇನೆ.

1. ಕ್ಯುಸೆಕ್ಸ್ ಲೆಕ್ಕವನ್ನು ಮನೆ ಲೆಕ್ಕಕ್ಕೆ ತಂದುಕೊಳ್ಳಿ

ಕಟ್ಟೆಯಿಂದ ಬರುವ ನೋಟಿಸಿನ ಒಕ್ಕಣೆ ಹೆಚ್ಚು ಕಡಿಮೆ ಒಂದೇ: ಯಾವುದೇ ಕ್ಷಣದಲ್ಲಿ ಇಷ್ಟು ಸಾವಿರ ಕ್ಯುಸೆಕ್ಸ್ ನೀರು ಬಿಡಲಾಗುವುದು, ನದಿ ಪಾತ್ರದ ಜನ ಎಚ್ಚರದಿಂದಿರಬೇಕು. ಒಂದು ಕ್ಯುಸೆಕ್ಸ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಅದು ಎಂಜಿನಿಯರಿಗೆ ಸಾಕಾದ ಮಾಹಿತಿ, ತೋಟದ ಮನೆಯವನಿಗೆ ಸಾಲದು. ಅವನಿಗೆ ಬೇಕಾದದ್ದು ತನ್ನ ಪಂಪ್‌ಸೆಟ್ ಮುಳುಗುತ್ತದೆಯೇ, ಕೊಟ್ಟಿಗೆಗೆ ನೀರು ನುಗ್ಗುತ್ತದೆಯೇ ಎಂಬುದು.

ಈ ಎರಡಕ್ಕೂ ನಡುವೆ ಸೇತುವೆ ಕಟ್ಟುವುದು ಪಂಚಾಯಿತಿಯ ಕೆಲಸ. ಅದಕ್ಕೆ ಒಂದು ದಪ್ಪ ನೋಟ್‌ಬುಕ್ ಸಾಕು. ಎಷ್ಟು ನೀರು ಬಿಟ್ಟರು, ಎಷ್ಟು ಹೊತ್ತಿಗೆ ಬಿಟ್ಟರು, ನಮ್ಮೂರಿನ ಯಾವ ಮೆಟ್ಟಿಲು, ಯಾವ ಮೋರಿ, ಯಾರ ಗದ್ದೆಗೆ ಎಷ್ಟು ಹೊತ್ತಿಗೆ ನೀರು ಮುಟ್ಟಿತು ಎಂದು ಪ್ರತಿ ಸಲವೂ ಬರೆಯುತ್ತಾ ಹೋಗಬೇಕು. ಹೊಳೆ ಏರುವಾಗ ಒಂದು ಕ್ರಮವಿರುತ್ತದೆ. ಮೊದಲು ರಂಗನತಿಟ್ಟಿನಲ್ಲಿ ದೋಣಿ ನಿಲ್ಲುತ್ತದೆ, ಆಮೇಲೆ ಸ್ನಾನಘಟ್ಟಗಳ ಮೆಟ್ಟಿಲು ಮುಳುಗುತ್ತವೆ, ನಂತರ ತಗ್ಗಿನ ಗದ್ದೆ ತೋಟ, ಕೊನೆಗೆ ವೆಲ್ಲೆಸ್ಲಿ ಸೇತುವೆ. 2019ರ ಆಗಸ್ಟ್‌ನಲ್ಲಿ, ಮತ್ತೆ 2024ರ ಜುಲೈ ಕೊನೆಯಲ್ಲಿ ಹೊರಹರಿವು ಒಂದು ಲಕ್ಷ ಕ್ಯುಸೆಕ್ಸ್ ದಾಟಿತ್ತು. ಆ ಎರಡು ನೆರೆಗಳ ನೀರು ಗೋಡೆ, ಕಂಬಗಳ ಮೇಲೆ ಎಲ್ಲಿಯವರೆಗೆ ಬಂದಿತ್ತೆಂದು ಇನ್ನೂ ನೆನಪಿರುವವರು ಊರಲ್ಲಿದ್ದಾರೆ. ಅವರನ್ನು ಕರೆದುಕೊಂಡು ಹೋಗಿ ಬಣ್ಣದಲ್ಲಿ ಗೆರೆ ಎಳೆಸಿ, ಪಕ್ಕದಲ್ಲಿ ವರ್ಷ ಬರೆಸಿ. ಮುಂದಿನ ನೋಟಿಸು ಬಂದಾಗ ಆ ಗೆರೆಯೇ ನಿಮ್ಮ ನಕ್ಷೆ.

2. ನೋಟಿಸಿಗೆ ಕಾಯಬೇಡಿ, ಎರಡು ಅಂಕಿ ನೋಡುತ್ತಿರಿ

ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ, ಸಾಮರ್ಥ್ಯ 49.45 ಟಿಎಂಸಿ. ಕಟ್ಟೆಯಲ್ಲಿ ಜಾಗವಿದ್ದಾಗ ಕೊಡಗಿನ ಎಂಥ ಮಳೆಯನ್ನೂ ಅದು ನುಂಗಿಕೊಳ್ಳುತ್ತದೆ. ತುಂಬಿ ನಿಂತ ಮೇಲೆ ಬಂದಷ್ಟನ್ನೂ ಹೊರಗೆ ಬಿಡದೆ ಬೇರೆ ದಾರಿಯಿಲ್ಲ. ಆದ್ದರಿಂದ ಒಂದು ಕಣ್ಣು ಮಟ್ಟದ ಮೇಲೆ, ಇನ್ನೊಂದು ಒಳಹರಿವಿನ ಮೇಲೆ ಇರಬೇಕು. ಮಟ್ಟ 122 ಅಡಿ ದಾಟಿ, ಭಾಗಮಂಡಲ ಕಡೆ ಭಾರಿ ಮಳೆ ಎಂಬ ಸುದ್ದಿಯಿದ್ದು, ಗೊರೂರಿನ ಹೇಮಾವತಿ ಕಟ್ಟೆಯೂ ತುಂಬಿದ್ದರೆ ನೋಟಿಸು ಬಂದೇ ಬರುತ್ತದೆ ಎಂದು ಲೆಕ್ಕ ಹಾಕಿ ಕೆಲಸ ಶುರುಮಾಡಿ.

ವಿಪತ್ತು ನಿರ್ವಹಣಾ ಕಾಯ್ದೆ 2005ರಲ್ಲಿಯೇ ಇದಕ್ಕೆ ಆಧಾರವಿದೆ. ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು. ಅದರ ಮೇಲ್ವಿಚಾರಣೆಯಲ್ಲಿ ಸ್ಥಳೀಯ ಸಂಸ್ಥೆಯೂ ತನ್ನದೇ ಯೋಜನೆ ಮಾಡಬೇಕೆಂದು 32ನೇ ಕಲಂ ಹೇಳುತ್ತದೆ. ಸಿಬ್ಬಂದಿಗೆ ತರಬೇತಿ, ಸಲಕರಣೆ ಸಿದ್ಧವಾಗಿಡುವುದು, ನೆರೆಯ ನಂತರ ಪರಿಹಾರ ಮತ್ತು ಪುನರ್ವಸತಿ ಕೆಲಸ ಇವು 41ನೇ ಕಲಂನ ಹೊಣೆ. ಬೈಂಡ್ ಮಾಡಿಸಿದ ದಪ್ಪ ಯೋಜನೆ ಬೀರುವಿನಲ್ಲಿ ಮಲಗಿರುತ್ತದೆ. ಗೋಡೆಗೆ ಅಂಟಿಸಿದ ಎರಡು ಪುಟ ಕೆಲಸಕ್ಕೆ ಬರುತ್ತದೆ. ತಗ್ಗಿನ ಮನೆಗಳ ಪಟ್ಟಿ, ಅವುಗಳಲ್ಲಿ ಹಾಸಿಗೆ ಹಿಡಿದವರು, ಗರ್ಭಿಣಿಯರು, ರಾಸುಗಳ ಸಂಖ್ಯೆ, ಪ್ರತಿ ಬೀದಿಗೆ ಒಬ್ಬ ಹೊಣೆಗಾರ, ಟ್ರ್ಯಾಕ್ಟರ್ ಇರುವವರ ಫೋನ್ ನಂಬರ್. ಇಷ್ಟಿದ್ದರೆ ಅದೇ ಯೋಜನೆ. ಮೇ ತಿಂಗಳಲ್ಲಿ ಆಶಾ ಕಾರ್ಯಕರ್ತೆಯರ ಜತೆ ಕೂತು ಅದನ್ನು ಹೊಸದು ಮಾಡಬೇಕು, ಏಕೆಂದರೆ ಒಂದು ವರ್ಷದಲ್ಲಿ ಮನೆಯೊಳಗಿನ ಸ್ಥಿತಿ ಬದಲಾಗಿರುತ್ತದೆ.

3. ಡಂಗುರ ಸಾರಿದರೆ ಮುಗಿಯಲಿಲ್ಲ

ಆಟೋಗೆ ಮೈಕ್ ಕಟ್ಟಿ ಊರು ಸುತ್ತಿಸುವುದು ವಾಡಿಕೆ. ಆದರೆ ಗದ್ದೆ ನಡುವಿನ ತೋಟದ ಮನೆಗೆ, ನದಿ ಅಂಚಿನಲ್ಲಿ ಗುಡಿಸಲು ಹಾಕಿರುವ ಕಬ್ಬು ಕಡಿಯುವವರಿಗೆ ಆ ಸದ್ದು ಮುಟ್ಟುವುದಿಲ್ಲ. ಅಲ್ಲಿಗೆ ನೀರುಗಂಟಿಯೇ ನಡೆದು ಹೋಗಬೇಕು, ಹೇಳಿದ ಹೊತ್ತನ್ನು ಬರೆದುಕೊಂಡು ಬರಬೇಕು. ಪಶ್ಚಿಮವಾಹಿನಿಯಲ್ಲಿ, ಸಂಗಮದಲ್ಲಿ ಪಿಂಡ ಬಿಡಲು, ಅಸ್ಥಿ ಬಿಡಲು ಬರುವವರು ಹೊರಗಿನವರು. ಹೊಳೆಯ ಸ್ವಭಾವ ಅವರಿಗೆ ಗೊತ್ತಿಲ್ಲ, ನಮ್ಮ ಮೈಕೂ ಕೇಳಿಲ್ಲ. ಹಗ್ಗ ಕಟ್ಟಿ ಬೋರ್ಡ್ ಹಾಕಿದರೆ ಸಾಲದು. ಒಬ್ಬ ಹೋಮ್‌ಗಾರ್ಡನ್ನು ನಿಲ್ಲಿಸಲೇಬೇಕು.

ಮನೆ ಬಿಟ್ಟು ಬನ್ನಿ ಎಂದಾಗ ಜನ ಹಿಂಜರಿಯುವುದು ಹಟದಿಂದಲ್ಲ. ಒಂದು ರಾತ್ರಿ ತೋಟದ ಮನೆಯ ಅಜ್ಜ ಕೊಟ್ಟಿಗೆಯತ್ತ ಕೈ ತೋರಿಸಿ, ‘ದನ ಬುಟ್ಬುಟ್ಟು ನಾವೆಂಗ್ ಸಾ ಬರಾದು?’ ಎಂದರು. ಆ ಪ್ರಶ್ನೆಗೆ ಉತ್ತರ ಮೊದಲೇ ಸಿದ್ಧವಿರಬೇಕು. ಕಾಳಜಿ ಕೇಂದ್ರ ಎಲ್ಲಿ ಎಂದು ತೀರ್ಮಾನಿಸುವಾಗಲೇ ರಾಸು ಕಟ್ಟುವ ದಿಣ್ಣೆ ಎಲ್ಲಿ, ಹುಲ್ಲು ಯಾರು ಕೊಡುತ್ತಾರೆ ಎಂಬುದೂ ತೀರ್ಮಾನವಾಗಬೇಕು. ರಾಸು ಮೊದಲು ಹೊರಟರೆ ಜನ ಹಿಂದೆಯೇ ಹೊರಡುತ್ತಾರೆ.

4. ಹಗಲಿರುವಾಗಲೇ ಮುಗಿಸಿ

ಮಧ್ಯಾಹ್ನ ಮೂರಕ್ಕೆ ನೋಟಿಸು ಬಂತು, ಈಗಿನ 30 ಸಾವಿರ ಕ್ಯುಸೆಕ್ಸ್ 80 ಸಾವಿರಕ್ಕೆ ಏರಬಹುದು ಎಂದಿಟ್ಟುಕೊಳ್ಳಿ. ನೋಟ್‌ಬುಕ್ ತೆಗೆದರೆ ಆ ಮಟ್ಟಕ್ಕೆ ಯಾವ ಮನೆ, ಯಾವ ರಸ್ತೆ ಎಂದು ತಿಳಿಯುತ್ತದೆ. ಮೊದಲ ಕರೆ ತಹಸೀಲ್ದಾರರಿಗೆ ಮತ್ತು ನೋಡಲ್ ಅಧಿಕಾರಿಗೆ. ಜನರನ್ನು ಕಡ್ಡಾಯವಾಗಿ ಎಬ್ಬಿಸುವುದು, ರಸ್ತೆ ಮುಚ್ಚುವುದು, ಎನ್‌ಡಿಆರ್‌ಎಫ್ ಕರೆಸುವುದು ಪಂಚಾಯಿತಿಯ ಅಧಿಕಾರದಲ್ಲಿಲ್ಲ, ಅದು ಜಿಲ್ಲಾ ಆಡಳಿತದ್ದು. ಜಿಲ್ಲಾ ನಿಯಂತ್ರಣ ಕೊಠಡಿಯ ನಂಬರ್ 1077. ಎರಡನೇ ಕರೆ ಸೆಸ್ಕ್‌ನ ಲೈನ್‌ಮ್ಯಾನ್‌ಗೆ. ನದಿ ದಂಡೆಯ ಟಿಸಿಗಳು ನೀರು ಮುಟ್ಟುವ ಮೊದಲೇ ಆಫ್ ಆಗಬೇಕು, ಏಕೆಂದರೆ ಮುಳುಗುತ್ತಿರುವ ಮೋಟರ್ ಬಿಚ್ಚಲು ರೈತ ರಾತ್ರಿ ಒಬ್ಬನೇ ಇಳಿಯುತ್ತಾನೆ. ನಾಲ್ಕಕ್ಕೆ ರಾಸು, ಐದಕ್ಕೆ ಮುದುಕರು ಮಕ್ಕಳು, ಕತ್ತಲಾಗುವ ಮೊದಲು ಉಳಿದವರು. ಶಾಲೆಯಲ್ಲಿ ತೆರೆಯುವ ಕಾಳಜಿ ಕೇಂದ್ರದಲ್ಲಿ ಬರುವವರ ಹೆಸರು ಬಾಗಿಲಲ್ಲೇ ರಿಜಿಸ್ಟರಿಗೆ ಸೇರಬೇಕು. ಪಟ್ಟಿಯಲ್ಲಿದ್ದು ರಿಜಿಸ್ಟರಿನಲ್ಲಿ ಇಲ್ಲದವರು ಯಾರು ಎಂದು ಎಂಟು ಗಂಟೆಗೆ ತಾಳೆ ನೋಡಿದರೆ ಯಾರನ್ನು ಹುಡುಕಬೇಕೆಂದು ಸ್ಪಷ್ಟವಾಗುತ್ತದೆ.

ಬೆಳಿಗ್ಗೆ ಹೊರಹರಿವು ಇಳಿದಿದೆ ಎಂಬ ಸುದ್ದಿ ಬಂದೊಡನೆ ಜನ ಮನೆಗೆ ಹೊರಡುತ್ತಾರೆ. ಕೊಡಗಿನ ಮಳೆ ನಿಂತಿದೆಯೇ ಎಂದು ಕೇಳದೆ ಅವರನ್ನು ಬಿಡಬೇಡಿ. ಗೇಟು ಇಳಿಸಿದ್ದನ್ನು ಸಂಜೆ ಮತ್ತೆ ಎತ್ತಬಹುದು.

5. ಕೆರೆ ಬೇರೆ, ಹೊಳೆ ಬೇರೆ

ನಾಗಮಂಗಲ, ಕೆ.ಆರ್.ಪೇಟೆ ಕಡೆ ಹೋದರೆ ಕಥೆಯೇ ಬದಲಾಗುತ್ತದೆ. ಅಲ್ಲಿ ನೋಟಿಸು ಕಳಿಸುವವರಿಲ್ಲ. ಒಂದು ಕೆರೆಯ ಕೋಡಿ ಕೆಳಗಿನ ಕೆರೆಗೆ ಹರಿಯುತ್ತದೆ, ಮೇಲಿನ ಕೆರೆ ಒಡೆದರೆ ಸರಪಳಿಯೇ ಹೋಗುತ್ತದೆ. 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್ ವ್ಯವಸ್ಥೆಗೆ ಸೇರಿದವು. ಮುಂಗಾರಿಗೆ ಮುನ್ನ ಕೋಡಿಯಲ್ಲಿ ಬೆಳೆದ ಜಾಲಿ, ಜೊಂಡು ತೆಗೆಸಬೇಕು. ಮೀನಿಗಾಗಿ, ಹೆಚ್ಚು ನೀರಿಗಾಗಿ ಯಾರಾದರೂ ಕೋಡಿಗೆ ಮರಳು ಚೀಲ ಅಡ್ಡ ಇಟ್ಟಿದ್ದಾರೆಯೇ ನೋಡಬೇಕು.

ಕೆರೆ ತುಂಬಿದಾಗ ಏರಿಯ ಮೇಲೆ ನಿಂತು ನೋಡುವವರೇ ಹೆಚ್ಚು. ನೋಡಬೇಕಾದದ್ದು ಏರಿಯ ಹಿಂಬದಿಯ ಬುಡವನ್ನು. ಅಲ್ಲಿ ಜಿನುಗುವ ನೀರು ತಿಳಿಯಾಗಿದ್ದರೆ ಕಾದು ನೋಡಬಹುದು. ಕದಡಾಗಿ ಬರುತ್ತಿದ್ದರೆ ಏರಿಯ ಒಳಮಣ್ಣು ಕೊಚ್ಚಿ ಬರುತ್ತಿದೆ ಎಂದರ್ಥ, ಕೆಳಗಿನ ಮನೆಗಳನ್ನು ಆಗಲೇ ಎಬ್ಬಿಸಬೇಕು. ಜಿನುಗುವ ಜಾಗಕ್ಕೆ ಹೊರಗಿನಿಂದ ಜೇಡಿಮಣ್ಣು ಮೆತ್ತಿ ಮುಚ್ಚಿದರೆ ನೀರು ಪಕ್ಕದಲ್ಲಿ ದಾರಿ ಮಾಡಿಕೊಳ್ಳುತ್ತದೆ. ಅದರ ಸುತ್ತ ಮರಳು ಚೀಲದ ಬಳೆ ಕಟ್ಟಿ, ಒಳಗೆ ಮರಳು, ಜಲ್ಲಿ ಹಾಕಿದರೆ ಮಣ್ಣು ನಿಂತು ನೀರಷ್ಟೇ ಹೊರಬರುತ್ತದೆ. ಇತ್ತ ತೂಬು ತೆರೆದು ಮಟ್ಟ ಇಳಿಸುತ್ತಾ ಎಂಜಿನಿಯರನ್ನು ಕರೆಸಬೇಕು.

6. ನೀರು ಇಳಿದ ಮೇಲೆ ಎರಡು ಕೆಲಸ: ಕುಡಿಯುವ ನೀರು ಮತ್ತು ಕಾಗದ

ಮುಳುಗಿದ ಬೋರ್‌ವೆಲ್‌ನಿಂದ ನೇರವಾಗಿ ಓವರ್‌ಹೆಡ್ ಟ್ಯಾಂಕಿಗೆ ನೀರು ಏರಿಸಬಾರದು. ಮೊದಲು ಕ್ಲೋರಿನ್ ದ್ರಾವಣ ಸುರಿದು, ಬಿಟ್ಟು, ವಾಸನೆ ಹೋಗುವವರೆಗೂ ಹೊರಗೆ ಪಂಪ್ ಮಾಡಿಸಬೇಕು. ನಂತರ ಟ್ಯಾಂಕಿಗೆ ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಲೆಕ್ಕ. 50 ಸಾವಿರ ಲೀಟರ್ ಟ್ಯಾಂಕಿಗೆ 125 ಗ್ರಾಂ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳ ಸೇರಿದ ಮೇಲೆ ತಿಳಿಯನ್ನಷ್ಟೇ ಹಾಕಿ, ಅರ್ಧ ಗಂಟೆ ಬಿಡಬೇಕು. ಕಳೆದ ವರ್ಷದ ಚೀಲವಾದರೆ ಪೌಡರಿನ ಶಕ್ತಿ ಹೋಗಿರುತ್ತದೆ. ಹಾಗಾಗಿ ಹಾಕಿದ ತೂಕವನ್ನು ನಂಬದೆ ಊರಿನ ಕೊನೆಯ ನಲ್ಲಿಯಲ್ಲಿ ಪರೀಕ್ಷಿಸಿ. ನೆರೆಯ ದಿನಗಳಲ್ಲಿ ಅಲ್ಲಿ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಕೊನೆಯ ನಲ್ಲಿಯಲ್ಲಿ ಏನೂ ಸಿಗದಿದ್ದರೆ ನಡುವೆ ಎಲ್ಲೋ ಪೈಪ್ ಒಡೆದು ಕೊಳೆ ಸೇರುತ್ತಿರಬಹುದು.

ಇನ್ನು ಕಾಗದ. ಎಸ್‌ಡಿಆರ್‌ಎಫ್‌ನ 2022–26ರ ಮಾರ್ಗಸೂಚಿಯಂತೆ ಬೆಳೆ ಶೇ 33 ಅಥವಾ ಹೆಚ್ಚು ಹಾಳಾದರೆ ಹೆಕ್ಟೇರಿಗೆ ಮಳೆಯಾಶ್ರಿತಕ್ಕೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ, ಎರಡು ಹೆಕ್ಟೇರ್‌ವರೆಗೆ ನಿಗದಿಯಾಗಿತ್ತು. ಗ್ರಾಮ ಆಡಳಿತ ಅಧಿಕಾರಿ ಮತ್ತು ಕೃಷಿ, ತೋಟಗಾರಿಕೆಯವರ ಜಂಟಿ ಸಮೀಕ್ಷೆಯಲ್ಲಿ ಇದು ತೀರ್ಮಾನವಾಗುತ್ತದೆ. ಪಂಚಾಯಿತಿ ಮಾಡಬೇಕಾದದ್ದು ನೀರು ಇಳಿಯುವ ಮೊದಲೇ ತಾರೀಕು ಕಾಣುವಂತೆ ಫೋಟೊ ತೆಗೆಸುವುದು, ಯಾವ ಮನೆಯಲ್ಲಿ ಎಷ್ಟು ದಿನ ನೀರು ನಿಂತಿತ್ತು ಎಂದು ಮಹಜರಿನಲ್ಲಿ ಬರೆಸುವುದು. ಬಟ್ಟೆಬರೆ, ಪಾತ್ರೆ ಪರಿಹಾರದಲ್ಲಿ ಈ ದಿನಗಳ ಲೆಕ್ಕವೇ ಮುಖ್ಯವಾಗುತ್ತದೆ. ಕಬ್ಬಿನ ವಿಷಯದಲ್ಲಿ ಅವಸರ ಬೇಡ. ನೀರಿಳಿದ ದಿನ ಹಸಿರಾಗಿ ಕಂಡ ಗದ್ದೆ ವಾರ ಕಳೆದ ಮೇಲೆ ಒಣಗುತ್ತದೆ, ಎರಡನೇ ಸಲ ನೋಡಬೇಕೆಂದು ಲಿಖಿತವಾಗಿ ಕೇಳಿಕೊಳ್ಳಿ.

ಪರಿಹಾರ ತಪ್ಪಿಹೋಗುವುದು ಬಹುತೇಕ ಪಹಣಿಯಲ್ಲಿ. ಜಮೀನು ಇನ್ನೂ ತೀರಿಕೊಂಡ ತಾತನ ಹೆಸರಿನಲ್ಲಿರುತ್ತದೆ, ಹಣ ಹೋಗಬೇಕಾದ ಖಾತೆ ಮೊಮ್ಮಗನದು. ಗುತ್ತಿಗೆಗೆ ಮಾಡಿದವನ ಹೆಸರು ಎಲ್ಲೂ ಇರುವುದಿಲ್ಲ. ನೆರೆ ಬಂದ ಮೇಲೆ ಪೌತಿ ಖಾತೆಗೆ ಓಡಾಡಿದರೆ ಸಮೀಕ್ಷೆಯ ಗಡುವು ಮುಗಿದಿರುತ್ತದೆ. ನದಿ ದಂಡೆಯ ಸರ್ವೆ ನಂಬರುಗಳ ಪಟ್ಟಿ ಮಾಡಿ, ಬೇಸಿಗೆಯ ಗ್ರಾಮಸಭೆಗೆ ಗ್ರಾಮ ಆಡಳಿತ ಅಧಿಕಾರಿಯನ್ನು ಕರೆಸಿ, ಅಲ್ಲೇ ಅರ್ಜಿ ಹಾಕಿಸಿ. ಮುಂದಿನ ನೆರೆಯ ಪರಿಹಾರ ಬೇಗ ಕೈಸೇರಲು ಪಂಚಾಯಿತಿ ಮಾಡಬಹುದಾದ ದೊಡ್ಡ ಕೆಲಸ ಅದೇ.