ಹೆಸರಿನ ಹಣ ಕಟ್ಟಿದ್ದರೂ ವೆಬ್‌ಸೈಟ್ ಏಕೆ ನಿಂತಿತು?

ಪ್ರಶ್ನೆ: ಹುಬ್ಬಳ್ಳಿಯ ಒಂದು ಇಳಕಲ್ ಸೀರೆ ಅಂಗಡಿಯ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸ ಇತ್ತೀಚೆಗೆ ನನಗೆ ಬಂದಿದೆ. ಹೋಸ್ಟಿಂಗ್ ಅವಧಿ ಮುಗಿದು ಸೆಪ್ಟೆಂಬರ್‌ನಲ್ಲಿ ಸೈಟ್ ನಿಂತುಹೋಗಿತ್ತು. ಗೊತ್ತಾಗುವಷ್ಟರಲ್ಲಿ ಹೋಸ್ಟಿಂಗ್ ಕಂಪನಿಯವರು ಎಲ್ಲವನ್ನೂ ಅಳಿಸಿದ್ದರು. ಆಗಸ್ಟ್ 18ರ ಬ್ಯಾಕಪ್ ಇಟ್ಟುಕೊಂಡು ಹೊಸ ಹೋಸ್ಟಿಂಗ್‌ನಲ್ಲಿ ಸೈಟ್ ಎಬ್ಬಿಸಿದ್ದೇನೆ. ಮಾಲೀಕರು ಮಾತ್ರ, ‘ಜೂನ್‌ನಲ್ಲೇ ರಿನ್ಯೂವಲ್ ಹಣ ಕಟ್ಟಿದ್ದೆನಲ್ಲಾ, ಮತ್ತೆ ಹೆಂಗ್ ಬಂದ್ ಆತು?’ ಎಂದು ಕೇಳುತ್ತಿದ್ದಾರೆ. ‘ಸರ್ವರ್ ಸಮಸ್ಯೆ ಇತ್ತು, ಈಗ ಸರಿಯಾಗಿದೆ’ ಎಂದು ಈಮೇಲ್ ಬರೆದರೆ ಸಾಕೇ?

ಉತ್ತರ: ಸಾಲದು. ಆ ವಾಕ್ಯದ ಎರಡು ಭಾಗವೂ ನಿಜವಲ್ಲ. ಸರ್ವರ್ ಕೆಟ್ಟಿರಲಿಲ್ಲ, ಬಾಡಿಗೆ ಕಟ್ಟದ್ದರಿಂದ ನಿಮ್ಮ ಖಾತೆಯನ್ನು ಮುಚ್ಚಿದ್ದರು. ಈಗ ಎಲ್ಲವೂ ಸರಿಯಾಗಿಯೂ ಇಲ್ಲ. ನೀವು ಎಬ್ಬಿಸಿರುವುದು ಆಗಸ್ಟ್ 18ರ ಸೈಟನ್ನು. ಆ ದಿನದ ನಂತರ ಮಾರಾಟವಾದ ಸೀರೆ ಅದರ ಲೆಕ್ಕದಲ್ಲಿ ಇನ್ನೂ ಕಪಾಟಿನಲ್ಲೇ ಇದೆ. ಮಾಲೀಕರಿಗೆ ತುರ್ತಾಗಿ ಗೊತ್ತಾಗಬೇಕಾದ್ದು ಇದು. ಏಕೆಂದರೆ ಕೈಮಗ್ಗದ ಸೀರೆ ಒಂದೊಂದೇ ಇರುತ್ತದೆ. ಆಗಸ್ಟ್ ಕೊನೆಯಲ್ಲಿ ಪುಣೆಗೆ ಕಳಿಸಿದ ಸೀರೆಯನ್ನೇ ನಾಳೆ ಬೆಳಗಾವಿಯವರು ಹಣ ಕಟ್ಟಿ ಕೊಂಡುಬಿಡಬಹುದು.

ಮೊದಲು ಅವರ ಪ್ರಶ್ನೆಗೆ ಉತ್ತರ ಹೇಳಿ. ಜೂನ್‌ನಲ್ಲಿ ಅವರು ಕಟ್ಟಿದ್ದು ಡೊಮೇನ್‌ಗೆ, ಅಂದರೆ ಸೈಟಿನ ಹೆಸರಿಗೆ. ಸೆಪ್ಟೆಂಬರ್‌ನಲ್ಲಿ ಮುಗಿದದ್ದು ಹೋಸ್ಟಿಂಗ್, ಅಂದರೆ ಫೋಟೊ, ಬೆಲೆ, ಆರ್ಡರ್ ಎಲ್ಲ ಇರುವ ಜಾಗದ ಬಾಡಿಗೆ. ಬೋರ್ಡಿನ ಲೈಸೆನ್ಸ್ ಫೀ ಕಟ್ಟಿ ಮಳಿಗೆಯ ಬಾಡಿಗೆ ಕಟ್ಟದಿದ್ದರೆ ಏನಾಗುತ್ತದೋ ಅದೇ ಆಯಿತು ಎಂದರೆ ಅವರಿಗೆ ಕೂಡಲೇ ಹೊಳೆಯುತ್ತದೆ.

ಇಂಥ ಸಂದರ್ಭದಲ್ಲಿ ಯಾವುದರ ಅವಧಿ ಮುಗಿದಿದೆ ಎಂದು ಖಚಿತ ಮಾಡಿಕೊಂಡೇ ಬರೆಯಬೇಕು. ನಿಮ್ಮ ಸೈಟ್ ಈಗ ಎದ್ದಿದೆ, ಮುಂದೆಂದಾದರೂ ನಿಂತರೆ ಈ ಆಜ್ಞೆ ಕೊಟ್ಟು ನೋಡಿ:

```
nslookup example.com
```

ಐಪಿ ವಿಳಾಸ ಬಂದು, ಬ್ರೌಸರ್‌ನಲ್ಲಿ `Account Suspended` ಎಂಬ ಪುಟ ಕಂಡರೆ ಹೆಸರು ಜೀವಂತವಾಗಿದೆ, ಜಾಗಕ್ಕೆ ಬೀಗ ಬಿದ್ದಿದೆ ಎಂದರ್ಥ. ವಿಳಾಸವೇ ಸಿಗದೆ `NXDOMAIN` ಅಥವಾ `Non-existent domain` ಎಂದು ಬಂದರೆ, ಅಥವಾ ಹೆಸರು ಮಾರಿದ ಕಂಪನಿಯ ಜಾಹೀರಾತು ಪುಟ ತೆರೆದುಕೊಂಡರೆ, ಡೊಮೇನ್ ಅವಧಿಯೇ ಮುಗಿದಿರುವ ಸಂಭವ ಹೆಚ್ಚು. ಎರಡಕ್ಕೂ ದೊಡ್ಡ ವ್ಯತ್ಯಾಸವಿದೆ. `.com` ಹೆಸರಾದರೆ ಅವಧಿ ಮುಗಿದು ರಿಜಿಸ್ಟ್ರಾರ್ ಅದನ್ನು ಅಳಿಸಿದ ಮೇಲೂ, ದಂಡ ಕಟ್ಟಿ ಬಿಡಿಸಿಕೊಳ್ಳಲು 30 ದಿನದ ಅವಕಾಶ ನಿಯಮದಲ್ಲೇ ಇದೆ. ಹೋಸ್ಟಿಂಗ್‌ಗೆ ಅಂಥ ಸಾರ್ವತ್ರಿಕ ನಿಯಮ ಇಲ್ಲ. ಬೀಗ ಹಾಕಿ ಎಷ್ಟು ದಿನಕ್ಕೆ ಅಳಿಸುತ್ತಾರೆ ಎಂಬುದು ಆಯಾ ಕಂಪನಿಯ ಒಪ್ಪಂದದಲ್ಲಿರುತ್ತದೆ.

ಹಣ ತಾನಾಗಿ ಏಕೆ ಕಡಿತವಾಗಲಿಲ್ಲ ಎಂಬುದು ಅವರ ಎರಡನೆಯ ಪ್ರಶ್ನೆಯಾಗುತ್ತದೆ. ಭಾರತದಲ್ಲಿ 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ, ಕಾರ್ಡಿನಿಂದ ಪ್ರತಿ ಅವಧಿಗೆ ಹಣ ಕಡಿತವಾಗಬೇಕಾದರೆ ಓಟಿಪಿ ಕೊಟ್ಟು ಮೊದಲೇ ಅನುಮತಿ ನೋಂದಾಯಿಸಿರಬೇಕು. ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಬ್ಯಾಂಕ್ ಸಂದೇಶ ಕಳಿಸಬೇಕು. ಓಟಿಪಿ ಇಲ್ಲದೆ ಕಡಿತವಾಗಬಹುದಾದ ಮೊತ್ತದ ಮಿತಿ ಮೊದಲು 5,000 ರೂಪಾಯಿ ಇತ್ತು, 2022ರ ಜೂನ್‌ನಲ್ಲಿ 15,000ಕ್ಕೆ ಏರಿತು. ಮೊದಲ ಮೂರು ವರ್ಷಕ್ಕೆ ಅಗ್ಗವಾಗಿ ಸಿಕ್ಕ ಹೋಸ್ಟಿಂಗ್ ನವೀಕರಣದ ಹೊತ್ತಿಗೆ ಎರಡು ಮೂರು ಪಟ್ಟಾಗಿ ಈ ಮಿತಿ ದಾಟುವುದು ಅಪರೂಪವಲ್ಲ. ಕಾರ್ಡ್ ಬದಲಾಗಿದ್ದರಂತೂ ಕಂಪನಿಯ ಬಳಿ ಉಳಿದಿರುವುದು ಹಳೆಯ ಕಾರ್ಡಿನ ಅನುಮತಿ ಮಾತ್ರ. ನಿಮ್ಮ ಪ್ರಕರಣದಲ್ಲಿ ಯಾವುದು ನಡೆದಿದೆ ಎಂದು ಹೋಸ್ಟಿಂಗ್ ಖಾತೆಯ ಬಿಲ್ಲಿಂಗ್ ಪುಟದಲ್ಲಿ ನೋಡಿ. ವಿಫಲವಾದ ಪಾವತಿ ದಿನಾಂಕದ ಸಮೇತ ಅಲ್ಲಿರುತ್ತದೆ. ಊಹೆಯನ್ನು ಮಾತ್ರ ಈಮೇಲ್‌ನಲ್ಲಿ ಬರೆಯಬೇಡಿ.

ಕಾರ್ಡ್ ಬದಲಾದದ್ದೇ ಕಾರಣ, ಎಚ್ಚರಿಕೆಯ ಪತ್ರಗಳು ಹಳೆಯ ವೆಬ್‌ಸೈಟ್ ತಯಾರಕರ ವಿಳಾಸಕ್ಕೆ ಹೋಗಿವೆ ಎಂದು ಇಟ್ಟುಕೊಂಡರೆ, ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

> ವಿಷಯ: ವೆಬ್‌ಸೈಟ್ ಮತ್ತೆ ಬಂದಿದೆ, ಆರ್ಡರ್ ತೆರೆಯುವ ಮೊದಲು ಸ್ಟಾಕ್ ನೋಡಬೇಕು
>
> ನಮಸ್ಕಾರ ಸರ್,
>
> ವೆಬ್‌ಸೈಟ್ ಸೆಪ್ಟೆಂಬರ್ 25ರ ಸಂಜೆಯಿಂದ ಮತ್ತೆ ತೆರೆದುಕೊಳ್ಳುತ್ತಿದೆ. ಸೀರೆಗಳನ್ನು ನೋಡಬಹುದು, ಆದರೆ ಕೊಳ್ಳುವ ಗುಂಡಿಯನ್ನು ನಾನೇ ಬಂದ್ ಮಾಡಿ ಇಟ್ಟಿದ್ದೇನೆ. ಕಾರಣ ಕೆಳಗಿದೆ.
>
> ನೀವು ಜೂನ್‌ನಲ್ಲಿ ಕಟ್ಟಿದ್ದು ವೆಬ್‌ಸೈಟಿನ ಹೆಸರಿಗೆ. ಆ ಹಣ ಸರಿಯಾಗಿ ಜಮೆಯಾಗಿದೆ, ಹೆಸರು ನಿಮ್ಮದಾಗಿಯೇ ಇದೆ. ಫೋಟೊ, ಬೆಲೆ, ಆರ್ಡರ್ ಇರುವ ಜಾಗಕ್ಕೆ ಬೇರೆ ಕಂಪನಿಗೆ ಬೇರೆ ಬಾಡಿಗೆ ಇದೆ. ಅದರ ಅವಧಿ ಸೆಪ್ಟೆಂಬರ್ 5ಕ್ಕೆ ಮುಗಿಯಿತು. ಬಾಡಿಗೆಗೆ ಜೋಡಿಸಿದ್ದು ನಿಮ್ಮ ಹಳೆಯ ಕಾರ್ಡ್ ಆದ್ದರಿಂದ ಹಣ ಕಡಿತವಾಗಲಿಲ್ಲ. ಕಂಪನಿಯ ಎಚ್ಚರಿಕೆ ಪತ್ರಗಳು ಹಿಂದೆ ಸೈಟ್ ಮಾಡಿಕೊಟ್ಟವರ ಈಮೇಲ್‌ಗೆ ಹೋಗಿವೆ. 7ರಂದು ಸೈಟ್ ನಿಲ್ಲಿಸಿದರು, ಒಪ್ಪಂದದಂತೆ 21ರಂದು ಎಲ್ಲವನ್ನೂ ಅಳಿಸಿದರು. ಆಮೇಲೆ ಹಣ ಕಟ್ಟಿದರೂ ಹಳೆಯದು ವಾಪಸ್ ಸಿಗುವಂತಿರಲಿಲ್ಲ.
>
> ನಮ್ಮ ಹತ್ತಿರ ಇದ್ದದ್ದು ಆಗಸ್ಟ್ 18ರ ಪ್ರತಿ. ಅದನ್ನು ಹೊಸ ಜಾಗಕ್ಕೆ ಹಾಕಿ, ನಿಮ್ಮ ಹೆಸರನ್ನು ಅಲ್ಲಿಗೆ ತಿರುಗಿಸಿದ್ದೇನೆ. ಹಾಗಾಗಿ ಆಗಸ್ಟ್ 18ರಿಂದ ಸೆಪ್ಟೆಂಬರ್ 7ರವರೆಗೆ ಬಂದ 11 ಆರ್ಡರ್ ಸೈಟಿನಲ್ಲಿ ಈಗ ಕಾಣುವುದಿಲ್ಲ. ಅವುಗಳ ಹಣ ನಿಮ್ಮ ಖಾತೆಗೆ ಬಂದಿದೆ. ಪೇಮೆಂಟ್ ಗೇಟ್‌ವೇ ಪಟ್ಟಿ ಮತ್ತು ನಿಮ್ಮ ಜಿಮೇಲ್‌ಗೆ ಬಂದ ಆರ್ಡರ್ ಪತ್ರಗಳನ್ನು ತಾಳೆ ನೋಡಿ 11ರ ವಿವರವನ್ನು ಇದರ ಜೊತೆ ಇಟ್ಟಿದ್ದೇನೆ. ಆ ಸೀರೆಗಳೆಲ್ಲ ಸೈಟಿನಲ್ಲಿ ಮತ್ತೆ ‘ಲಭ್ಯ’ ಎಂದು ತೋರಿಸುತ್ತಿವೆ. ಅಂಗಡಿಯಲ್ಲಿ ಮಾರಿ ಸೈಟಿನಿಂದ ತೆಗೆಸಿದ್ದ ಸೀರೆಗಳೂ ಹಾಗೆಯೇ. ದಯವಿಟ್ಟು ಅಂಗಡಿಯವರಿಂದ ಪಟ್ಟಿ ನೋಡಿಸಿ ತಿಳಿಸಿ. ಆ ದಿನವೇ ಆರ್ಡರ್ ತೆರೆಯುತ್ತೇನೆ.
>
> ಸೆಪ್ಟೆಂಬರ್ 7ರಿಂದ 25ರವರೆಗೆ ಅಂಗಡಿಯ ಈಮೇಲ್ ವಿಳಾಸವೂ ನಿಂತಿತ್ತು. ಆಗ ಗ್ರಾಹಕರು ಬರೆದ ಪತ್ರಗಳು ನಮಗೆ ಸಿಗುವುದಿಲ್ಲ. ಉತ್ತರಕ್ಕೆ ಕಾಯುತ್ತಿರುವವರು ಗೊತ್ತಿದ್ದರೆ ಫೋನ್ ಮಾಡಿಸಿ.
>
> ಹೊಸ ಖಾತೆ ನಿಮ್ಮ ಹೆಸರಿನಲ್ಲಿದೆ. ಎಚ್ಚರಿಕೆ ಪತ್ರ ನಿಮ್ಮ ಜಿಮೇಲ್‌ಗೂ ನನಗೂ ಬರುತ್ತದೆ.

ಇಷ್ಟು ಸಾಕು. ಡೇಟಾಬೇಸ್, ಎ ರೆಕಾರ್ಡ್ ಎಂಬ ಮಾತು ಅವರಿಗೆ ಬೇಡ. ಆದರೆ ನಿಮಗೆ ಬೇಕಾದ ಕೆಲವು ಸಂಗತಿ ಇವೆ.

ಪತ್ರದಲ್ಲಿ ನಾನು ಬರೆಯದೆ ಬಿಟ್ಟಿರುವ, ಆದರೆ ಆರ್ಡರ್ ತೆರೆಯುವ ಮೊದಲು ನೀವು ಮಾಡಲೇಬೇಕಾದ ಕೆಲಸ ಆರ್ಡರ್ ಸಂಖ್ಯೆಯದು. ವರ್ಡ್‌ಪ್ರೆಸ್‌ನ ವೂಕಾಮರ್ಸ್ ಅಂಗಡಿಯಲ್ಲಿ ಆರ್ಡರ್ ಸಂಖ್ಯೆ ಡೇಟಾಬೇಸ್ ತಾನಾಗಿ ಕೊಡುವ ಏರುಸಂಖ್ಯೆ. ಹಳೆಯ ಪ್ರತಿ ಹಾಕಿದಾಗ ಈ ಎಣಿಕೆಯೂ ಆಗಸ್ಟ್ 18ಕ್ಕೆ ಹಿಂದೆ ಸರಿದಿರುತ್ತದೆ. ಕಳೆದುಹೋದ ಆರ್ಡರ್‌ಗಳಲ್ಲಿ ಒಂದಕ್ಕೆ 4152 ಎಂಬ ಸಂಖ್ಯೆ ಇದ್ದರೆ, ಮುಂದೊಂದು ದಿನ ಬೇರೆ ಗ್ರಾಹಕರಿಗೂ 4152 ಸಿಗಬಹುದು. ಕೊರಿಯರ್ ಚೀಟಿ, ಹಣ ವಾಪಸಿ ಎಲ್ಲವೂ ಕಲಸಿಹೋಗುತ್ತವೆ. ಆರ್ಡರ್ ಸಂಖ್ಯೆಯನ್ನೇ ಬಿಲ್ ಸಂಖ್ಯೆ ಮಾಡಿಕೊಂಡ ಅಂಗಡಿಯಾದರೆ ಇನ್ನೂ ಕಷ್ಟ, ಏಕೆಂದರೆ ಜಿಎಸ್‌ಟಿ ನಿಯಮದಂತೆ ಒಂದು ಹಣಕಾಸು ವರ್ಷದಲ್ಲಿ ಒಂದು ಬಿಲ್ ಸಂಖ್ಯೆ ಎರಡು ಬಾರಿ ಬರುವಂತಿಲ್ಲ. ಜಿಮೇಲ್‌ನಲ್ಲಿರುವ ಕೊನೆಯ ಆರ್ಡರ್ ಪತ್ರದ ಸಂಖ್ಯೆ ನೋಡಿ, ಅದು 4188 ಎಂದಿಟ್ಟುಕೊಂಡರೆ, ಅದಕ್ಕಿಂತ ಸಾಕಷ್ಟು ಮುಂದಿನಿಂದ ಎಣಿಕೆ ಶುರುವಾಗುವಂತೆ ಮಾಡಿ:

```
ALTER TABLE wp_posts AUTO_INCREMENT = 5001;
```

ನಿಮ್ಮ ಡೇಟಾಬೇಸ್‌ನಲ್ಲಿ `wp_` ಎಂಬ ಮುಂಗುರುತು ಬೇರೆ ಇರಬಹುದು, ನೋಡಿಕೊಳ್ಳಿ. ಸಂಖ್ಯೆ 4188ರಿಂದ 5001ಕ್ಕೆ ಏಕೆ ಹಾರಿತು ಎಂದು ಅವರ ಲೆಕ್ಕಪತ್ರ ನೋಡುವವರಿಗೆ ಒಂದು ಸಾಲು ತಿಳಿಸಿಬಿಡಿ.

ಈಮೇಲ್ ವಿಷಯದಲ್ಲೂ ಕೈತಪ್ಪುವುದು ಸುಲಭ. ಪತ್ರ ತಲುಪದಿದ್ದಾಗ ಕಳಿಸುವವರ ಸರ್ವರ್ ಸಾಮಾನ್ಯವಾಗಿ ನಾಲ್ಕೈದು ದಿನ ಮತ್ತೆ ಮತ್ತೆ ಯತ್ನಿಸಿ, ಕೊನೆಗೆ ಕಳಿಸಿದವರಿಗೇ ಹಿಂದಿರುಗಿಸುತ್ತದೆ. ಆದ್ದರಿಂದ ಎರಡು ವಾರಕ್ಕೂ ಹೆಚ್ಚು ನಿಂತ ವಿಳಾಸಕ್ಕೆ ‘ತಡವಾಗಿ ಬರಬಹುದು’ ಎಂದು ಭರವಸೆ ಕೊಡಬಾರದು. ಹಳೆಯ ಪತ್ರಗಳ ಮಾತು ಬೇರೆ. ಆಗಸ್ಟ್ 18ರಿಂದ ಸೆಪ್ಟೆಂಬರ್ 7ರ ನಡುವಿನವು ಅಂಗಡಿಯ ಕಂಪ್ಯೂಟರಿನ ಔಟ್‌ಲುಕ್‌ನಲ್ಲಿ ಉಳಿದಿರುವ ಸಾಧ್ಯತೆ ಇದೆ. ಹಾಗಿದ್ದರೆ ಆ ಕಂಪ್ಯೂಟರಿನ ಇಂಟರ್ನೆಟ್ ತೆಗೆದು, ಪತ್ರಗಳನ್ನು ಪ್ರತ್ಯೇಕ ಕಡತಕ್ಕೆ ಇಳಿಸಿಕೊಂಡ ಮೇಲೆ ಹೊಸ ಅಂಚೆಪೆಟ್ಟಿಗೆಗೆ ಜೋಡಿಸಿ. ಐಮ್ಯಾಪ್ ವ್ಯವಸ್ಥೆ ಸರ್ವರ್‌ನಲ್ಲಿ ಇರುವಂತೆಯೇ ಕಂಪ್ಯೂಟರಿನಲ್ಲೂ ಮಾಡಲು ನೋಡುತ್ತದೆ. ಹೊಸ ಸರ್ವರ್‌ನಲ್ಲಿ ಇಲ್ಲದ ಪತ್ರವನ್ನು ಕಂಪ್ಯೂಟರಿನಿಂದಲೂ ತೆಗೆದುಹಾಕಬಹುದು.

ಮಾಲೀಕರ ಮಗನ ಮೊಬೈಲ್‌ನಲ್ಲಿ ಸೈಟ್ ಬಂದು ಅಂಗಡಿಯಲ್ಲಿ ಬರಲಿಲ್ಲ ಎಂಬ ದೂರು ಬಂದರೆ ಗಾಬರಿ ಬೇಡ. ಹೆಸರಿನ ಹಳೆಯ ಐಪಿ ವಿಳಾಸವನ್ನು ಡಿಎನ್‌ಎಸ್ ಸರ್ವರ್‌ಗಳು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದು ಎಂಬುದಕ್ಕೆ ಟಿಟಿಎಲ್ ಎಂಬ ಲೆಕ್ಕ ಇದೆ. ಹಲವು ಕಡೆ ಅದು 14,400 ಸೆಕೆಂಡು, ಅಂದರೆ ನಾಲ್ಕು ಗಂಟೆ. ಅಷ್ಟು ಹೊತ್ತು ಒಬ್ಬರಿಗೆ ಹೊಸ ಜಾಗ, ಇನ್ನೊಬ್ಬರಿಗೆ ಹಳೆಯ ಬೀಗ ಕಾಣುತ್ತದೆ. ಒಂದು ದಿನ ಕಳೆದ ಮೇಲೂ ಹಾಗೆಯೇ ಇದ್ದರೆ ಮಾತ್ರ ಎ ರೆಕಾರ್ಡನ್ನು ಮತ್ತೆ ತೆರೆದು ನೋಡಿ. ಹೆಸರು ಹೊಸ ಸರ್ವರಿಗೆ ತಿರುಗಿದ ನಂತರವೇ ಅಲ್ಲಿ ಎಸ್‌ಎಸ್‌ಎಲ್ ಪ್ರಮಾಣಪತ್ರ ಸಾಮಾನ್ಯವಾಗಿ ತಯಾರಾಗುವುದು. ಮೊದಲ ಕೆಲವು ನಿಮಿಷ ಬ್ರೌಸರ್ ‘ಸುರಕ್ಷಿತವಲ್ಲ’ ಎಂದು ಹೇಳುವುದು ಅದಕ್ಕೇ.

ಇನ್ನು ಎಚ್ಚರಿಕೆ ಪತ್ರದ ವಿಳಾಸ. ಪತ್ರದ ಕೊನೆಯಲ್ಲಿ ಜಿಮೇಲ್ ಎಂದೇ ಬರೆದದ್ದಕ್ಕೆ ಕಾರಣ ಇದೆ. ಅಂಗಡಿಯ ಹೆಸರಿನ ವಿಳಾಸ ಚೆಂದ ಕಾಣುತ್ತದೆ ಎಂದು ಹಲವರು ಹೋಸ್ಟಿಂಗ್ ಖಾತೆಗೆ ಅದನ್ನೇ ಕೊಡುತ್ತಾರೆ. ಆ ಅಂಚೆಪೆಟ್ಟಿಗೆ ಇರುವುದು ಅದೇ ಹೋಸ್ಟಿಂಗ್‌ನಲ್ಲಾದರೆ, ಖಾತೆಗೆ ಬೀಗ ಬಿದ್ದ ದಿನ ‘ಇಷ್ಟು ದಿನದಲ್ಲಿ ಅಳಿಸುತ್ತೇವೆ’ ಎಂಬ ಕೊನೆಯ ಎಚ್ಚರಿಕೆಯೂ, ಪಾಸ್‌ವರ್ಡ್ ಬದಲಿಸುವ ಕೊಂಡಿಯೂ ಬೀಗದ ಒಳಗೇ ಹೋಗಿ ಬೀಳುತ್ತವೆ. ಡೊಮೇನ್ ಖಾತೆಯಲ್ಲಿ ಈಗ ಯಾರ ವಿಳಾಸ ಇದೆ ಎಂಬುದನ್ನೂ ಇದೇ ವಾರ ನೋಡಿ. ಹೋಸ್ಟಿಂಗ್‌ನಲ್ಲಿ ಹಳೆಯ ತಯಾರಕರ ವಿಳಾಸ ಇತ್ತೆಂದರೆ ಅಲ್ಲಿಯೂ ಅದೇ ಇರಬಹುದು. ಹಾಗಿದ್ದರೆ ಬದಲಿಸಲು ಅವರ ಅಂಚೆಪೆಟ್ಟಿಗೆಗೆ ಬರುವ ಒಪ್ಪಿಗೆಯ ಪತ್ರ ಬೇಕಾಗಬಹುದು. ಅವರು ಫೋನಿಗೆ ಸಿಗುತ್ತಿರುವಾಗಲೇ ಆ ಕೆಲಸ ಮುಗಿಸಿಕೊಳ್ಳಿ.