ಕ್ರಯದ ಕರಾರಿನ ಬೆಲೆ ಮತ್ತು ಮುದ್ರಾಂಕ ಶುಲ್ಕದ ಲೆಕ್ಕ: ಮಂಗಳೂರಿನ ಖರೀದಿದಾರರಿಗೆ ಪರಿಶೀಲನಾ ಕ್ರಮ

ಸ್ಥಿರಾಸ್ತಿಯ ಮಾರಾಟದಲ್ಲಿ ಸರಕಾರಕ್ಕೆ ಸಲ್ಲಬೇಕಾದ ಹಣ ಮುಖ್ಯವಾಗಿ ಎರಡು ಬಗೆಯದು. ದಸ್ತಾವೇಜು ಕಾನೂನಿನ ದೃಷ್ಟಿಯಲ್ಲಿ ಊರ್ಜಿತವಾಗಲು 1957ರ ಕರ್ನಾಟಕ ಮುದ್ರಾಂಕ ಅಧಿನಿಯಮದಂತೆ ತೆರಬೇಕಾದದ್ದು ಮುದ್ರಾಂಕ ಶುಲ್ಕ. ಅದೇ ದಸ್ತಾವೇಜನ್ನು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ದಾಖಲು ಮಾಡಿಸಲು ಕಟ್ಟಬೇಕಾದದ್ದು ನೋಂದಣಿ ಶುಲ್ಕ. ಕರಾರಿನಲ್ಲಿ ಬರೆದ ಬೆಲೆಯ ಮೇಲೆ ಇವೆರಡನ್ನೂ ಲೆಕ್ಕ ಹಾಕಿ ಹಣ ಹೊಂದಿಸಿಕೊಂಡ ಖರೀದಿದಾರರು, ನೋಂದಣಿಯ ಹೊತ್ತಿಗೆ ಬೇರೆಯೇ ಮೊತ್ತವನ್ನು ಕಂಡು ಗಲಿಬಿಲಿಗೊಳ್ಳುವುದುಂಟು. ಈ ವ್ಯತ್ಯಾಸ ಹೆಚ್ಚಾಗಿ ದರದಿಂದ ಹುಟ್ಟುವುದಿಲ್ಲ, ದರವನ್ನು ಯಾವ ಮೊತ್ತಕ್ಕೆ ಅನ್ವಯಿಸಲಾಗಿದೆ ಎಂಬುದರಿಂದ ಹುಟ್ಟುತ್ತದೆ. ಆದ್ದರಿಂದ ಪರಿಶೀಲನೆಯೂ ಅಲ್ಲಿಂದಲೇ ಆರಂಭವಾಗಬೇಕು.

ಮೊದಲು ಮೂಲ ಮೊತ್ತ

ಕರಾರಿನಲ್ಲಿ ಮಾರುವವರೂ ಕೊಳ್ಳುವವರೂ ಒಪ್ಪಿ ಬರೆದ ಬೆಲೆಗೆ ಪ್ರತಿಫಲ ಎಂದು ಹೆಸರು. ಇದಕ್ಕೆ ಹೊರತಾಗಿ, ರಾಜ್ಯದ ನೋಂದಣಿ ಮತ್ತು ಮುದ್ರಾಂಕ ಇಲಾಖೆ ಪ್ರತಿಯೊಂದು ಪ್ರದೇಶದ ಜಾಗಕ್ಕೆ ಗೊತ್ತುಪಡಿಸಿ ಪ್ರಕಟಿಸುವ ಅಂದಾಜು ಬೆಲೆಯೊಂದಿದ್ದು, ಅದನ್ನು ಮಾರ್ಗಸೂಚಿ ಬೆಲೆ ಎನ್ನುತ್ತಾರೆ. ರಾಜ್ಯದಾದ್ಯಂತ ಈ ಬೆಲೆಗಳು 2023ರ ಅಕ್ಟೋಬರ್ 1ರಿಂದ ಪರಿಷ್ಕೃತಗೊಂಡವು. ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆಯೇ ಶುಲ್ಕದ ಲೆಕ್ಕ. ಕರಾರಿನ ಬೆಲೆ ಮಾರ್ಗಸೂಚಿ ಬೆಲೆಗಿಂತ ಹೆಚ್ಚಿದ್ದರೆ ಕರಾರಿನ ಬೆಲೆಯೇ ಉಳಿಯುತ್ತದೆ, ಕಡಿಮೆಯಿದ್ದರೆ ಆ ಬೆಲೆ ಎಷ್ಟೇ ಪ್ರಾಮಾಣಿಕವಾಗಿದ್ದರೂ ಲೆಕ್ಕಕ್ಕೆ ಬರುವುದಿಲ್ಲ.

ಮಾರ್ಗಸೂಚಿ ಬೆಲೆಯನ್ನು ಇಲಾಖೆಯ ಕಾವೇರಿ ಜಾಲತಾಣದಲ್ಲಿ, kaveri.karnataka.gov.in ವಿಳಾಸದಲ್ಲಿ, ಯಾರು ಬೇಕಾದರೂ ನೋಡಬಹುದು. ಆದರೆ ಮಂಗಳೂರಿನಂಥ ನಗರದಲ್ಲಿ ಸರಿಯಾದ ಸಾಲನ್ನು ಗುರುತಿಸುವುದೇ ಕೆಲಸದ ಅರ್ಧ ಭಾಗ. ಮಹಾನಗರಪಾಲಿಕೆಯ ವ್ಯಾಪ್ತಿಗೆ ಸೇರಿದ ಮೇಲೂ ದೇರೆಬೈಲು, ಕದ್ರಿ, ಪದವು, ಅತ್ತಾವರ ಮೊದಲಾದವು ಕಂದಾಯ ದಾಖಲೆಗಳಲ್ಲಿ ಇಂದಿಗೂ ಗ್ರಾಮಗಳಾಗಿಯೇ ಉಳಿದಿರುವುದರಿಂದ, ಜನರ ಬಾಯಲ್ಲಿರುವ ಬಡಾವಣೆಯ ಹೆಸರೂ ಆರ್‌ಟಿಸಿಯಲ್ಲಿರುವ ಗ್ರಾಮದ ಹೆಸರೂ ಹೊಂದದಿರುವ ಸಂದರ್ಭಗಳಿವೆ. ಆಸ್ತಿ ಯಾವ ಗ್ರಾಮದ್ದು, ಅದರ ಸರ್ವೆ ನಂಬರು ಯಾವುದು, ಮುಖ್ಯರಸ್ತೆಗೆ ತಾಗಿದೆಯೋ ಒಳದಾರಿಯಲ್ಲಿದೆಯೋ, ಕೃಷಿ ಜಮೀನೋ ಪರಿವರ್ತಿತ ನಿವೇಶನವೋ ಎಂಬಿಷ್ಟನ್ನು ಆರ್‌ಟಿಸಿ ಮತ್ತು ಖಾತೆಯಿಂದ ಬರೆದಿಟ್ಟುಕೊಂಡ ನಂತರವೇ ಪಟ್ಟಿಯನ್ನು ತೆರೆಯುವುದು ಸೂಕ್ತ. ಪಟ್ಟಿಯ ಜೊತೆಗೆ ಬರುವ ವಿಶೇಷ ಸೂಚನೆಗಳನ್ನೂ ಓದಬೇಕು, ಏಕೆಂದರೆ ಮೂಲೆ ನಿವೇಶನ, ಹೆದ್ದಾರಿಗೆ ತಾಗಿದ ಜಾಗ ಮುಂತಾದವುಗಳಿಗೆ ಬೆಲೆ ಏರಿಸುವ ನಿಯಮಗಳು ಕಾಣಸಿಗುವುದು ಅಲ್ಲಿಯೇ.

ಅಳತೆಯ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಕರಾವಳಿಯಲ್ಲಿ ಜಾಗದ ವ್ಯವಹಾರ ನಡೆಯುವುದು ಸೆಂಟ್ಸ್ ಲೆಕ್ಕದಲ್ಲಿ. ಪಟ್ಟಿಯ ಬೆಲೆ ಚದರ ಮೀಟರಿಗೋ ಚದರ ಅಡಿಗೋ ಇದ್ದರೆ, ಒಂದು ಸೆಂಟ್ಸ್ ಎಂದರೆ 435.6 ಚದರ ಅಡಿ ಅಥವಾ ಸುಮಾರು 40.47 ಚದರ ಮೀಟರ್ ಎಂದು ಪರಿವರ್ತಿಸಿಕೊಳ್ಳಬೇಕು. ಜಾಗದಲ್ಲಿ ಮನೆಯಿದ್ದರೆ ಕಟ್ಟಡದ ವಿಸ್ತೀರ್ಣ, ನಿರ್ಮಾಣದ ಬಗೆ, ವಯಸ್ಸು ಇವುಗಳಿಗೆ ಅನುಗುಣವಾಗಿ ಬೇರೆ ಮೌಲ್ಯ ಹಾಕಿ ಜಾಗದ ಬೆಲೆಗೆ ಕೂಡಿಸುತ್ತಾರೆ. ಹಳೆಯ ಹಂಚಿನ ಮನೆಗೆ ವಯಸ್ಸಿನ ಕಡಿತ ಸಿಗದೆ ಹೊಸ ಆರ್‌ಸಿಸಿ ಕಟ್ಟಡದ ದರ ಬಿದ್ದಿದ್ದರೆ ಮೂಲ ಮೊತ್ತ ತಪ್ಪಾಗಿ ಉಬ್ಬಿರುತ್ತದೆ, ಮತ್ತು ಅದನ್ನು ಗಮನಿಸಿ ಹೇಳಬೇಕಾದವರು ಖರೀದಿದಾರರೇ.

ಬಳಿಕ ದರದ ಪದರಗಳು

ಸಾಮಾನ್ಯ ಕ್ರಯಪತ್ರಕ್ಕೆ ಮುದ್ರಾಂಕ ಶುಲ್ಕ ಮೂಲ ಮೊತ್ತದ ಶೇ 5. ಇದರ ಮೇಲೆ ಶೇ 10ರಷ್ಟು ಸೆಸ್ ಬೀಳುತ್ತದೆ, ನಗರ ಪ್ರದೇಶವಾದರೆ ಶೇ 2ರಷ್ಟು, ಗ್ರಾಮೀಣ ಪ್ರದೇಶವಾದರೆ ಶೇ 3ರಷ್ಟು ಸರ್ಚಾರ್ಜ್ ಬೀಳುತ್ತದೆ. ಸೆಸ್ ಮತ್ತು ಸರ್ಚಾರ್ಜ್ ಎರಡನ್ನೂ ಲೆಕ್ಕ ಹಾಕುವುದು ಆಸ್ತಿಯ ಬೆಲೆಯ ಮೇಲಲ್ಲ, ಮುದ್ರಾಂಕ ಶುಲ್ಕದ ಮೇಲೆ; ಒಂದನ್ನು ಇನ್ನೊಂದರ ಮೇಲೆ ಹೇರುವುದೂ ಇಲ್ಲ. ಹೀಗಾಗಿ ಒಟ್ಟು ಹೊರೆ ನಗರದಲ್ಲಿ ಮೂಲ ಮೊತ್ತದ ಶೇ 5.6, ಗ್ರಾಮಾಂತರದಲ್ಲಿ ಶೇ 5.65 ಆಗುತ್ತದೆ. ಪಾಲಿಕೆಯ ಗಡಿ ದಾಟಿ ಗ್ರಾಮ ಪಂಚಾಯತ್ ವ್ಯಾಪ್ತಿಗೆ ಹೋದ ಕೂಡಲೇ ಎರಡನೆಯ ದರ ಅನ್ವಯಿಸುವುದರಿಂದ, ಆಸ್ತಿಯ ತೆರಿಗೆ ರಶೀದಿ ಯಾವ ಸಂಸ್ಥೆಯದೆಂದು ನೋಡಿದರೆ ಈ ಪ್ರಶ್ನೆ ಬಗೆಹರಿಯುತ್ತದೆ. ತಲಪಾಡಿಯಿಂದ ಆಚೆ ಕಾಸರಗೋಡು ಜಿಲ್ಲೆಯಲ್ಲಿ ಜಾಗ ಕೊಳ್ಳುವವರಿಗೆ ಈ ಲೆಕ್ಕ ಸಲ್ಲದು. ಅಲ್ಲಿ ಕೇರಳದ ನ್ಯಾಯಬೆಲೆಯ ಪಟ್ಟಿ ಮತ್ತು ಶೇ 8ರ ಮುದ್ರಾಂಕ ಶುಲ್ಕದ ಪದ್ಧತಿಯಿದೆ.

ನೋಂದಣಿ ಶುಲ್ಕ ಬಹುಕಾಲ ಶೇ 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ 2ಕ್ಕೆ ಏರಿತು. ಅದಕ್ಕೂ ಮೊದಲು ಕರಾರು ಮಾಡಿಕೊಂಡು, ಖರ್ಚಿನ ಅಂದಾಜನ್ನೂ ಆಗಲೇ ಹಾಕಿಸಿಕೊಂಡು, ಕ್ರಯಪತ್ರವನ್ನು ಆ ದಿನಾಂಕದ ನಂತರ ಹಾಜರುಪಡಿಸಿದವರಿಗೆ ಹೊಸ ದರವೇ ಅನ್ವಯಿಸುತ್ತದೆ; ಹಳೆಯ ಅಂದಾಜು ಪಟ್ಟಿಯಲ್ಲಿ ಶೇ 6.6 ಎಂಬ ಒಟ್ಟು ದರ ಕಂಡರೆ ಅದು ನಗರದ ಹಿಂದಿನ ದರವೆಂದು ತಿಳಿಯಬೇಕು. ಈಗಿನದು ಶೇ 7.6.

ಶೇ 2 ಮತ್ತು ಶೇ 3ರ ರಿಯಾಯಿತಿ ದರಗಳ ಬಗ್ಗೆ ವ್ಯಾಪಕವಾದ ತಪ್ಪು ತಿಳಿವಳಿಕೆಯಿದೆ. ಇಪ್ಪತ್ತು ಲಕ್ಷದವರೆಗೆ ಶೇ 2, ನಲವತ್ತೈದು ಲಕ್ಷದವರೆಗೆ ಶೇ 3 ಎಂಬ ದರಗಳನ್ನು ಸರಕಾರ ತಂದದ್ದು ಮೊದಲ ಬಾರಿಗೆ ಮಾರಾಟವಾಗುವ ಫ್ಲ್ಯಾಟುಗಳಿಗಾಗಿ. ನಿವೇಶನಕ್ಕೂ ಹಳೆಯ ಮನೆಗೂ ಅದೇ ದರವೆಂದು ಹೇಳುವ ಪಟ್ಟಿಗಳನ್ನು ನಂಬಿ ಹಣ ಹೊಂದಿಸಿದರೆ ಕೊನೆಯ ಗಳಿಗೆಯಲ್ಲಿ ಕೊರತೆ ಬೀಳುತ್ತದೆ.

ಒಂದು ಲೆಕ್ಕ ಬಿಡಿಸಿ

ದೇರೆಬೈಲು ಗ್ರಾಮದಲ್ಲಿ, ಪಾಲಿಕೆಯ ವ್ಯಾಪ್ತಿಯೊಳಗೆ, ಆರು ಸೆಂಟ್ಸಿನ ಖಾಲಿ ನಿವೇಶನವೊಂದಕ್ಕೆ 48 ಲಕ್ಷ ರೂಪಾಯಿಗೆ ಕರಾರಾಗಿದೆ ಎಂದೂ, ಆ ಸ್ಥಳದ ಮಾರ್ಗಸೂಚಿ ಬೆಲೆ ಸೆಂಟ್ಸಿಗೆ 9 ಲಕ್ಷ ಎಂದೂ ಉದಾಹರಣೆಗಾಗಿ ಇಟ್ಟುಕೊಳ್ಳಬಹುದು. ಆಗ ಇಲಾಖೆಯ ಪ್ರಕಾರ ಬೆಲೆ 54 ಲಕ್ಷವಾಗುತ್ತದೆ, ಮತ್ತು ಅದೇ ಮೂಲ ಮೊತ್ತವಾಗುತ್ತದೆ. ಮುದ್ರಾಂಕ ಶುಲ್ಕ ಶೇ 5ರಂತೆ 2,70,000. ಅದರ ಶೇ 10 ಸೆಸ್ 27,000. ಅದರ ಶೇ 2 ಸರ್ಚಾರ್ಜ್ 5,400. ಮೂರೂ ಸೇರಿ 3,02,400 ರೂಪಾಯಿ. ನೋಂದಣಿ ಶುಲ್ಕ ಶೇ 2ರಂತೆ 1,08,000. ಒಟ್ಟು 4,10,400 ರೂಪಾಯಿ. ಕರಾರಿನ ಬೆಲೆಯನ್ನೇ ನೆಚ್ಚಿ ಲೆಕ್ಕ ಹಾಕಿದ್ದರೆ 3,64,800 ಮಾತ್ರ ಬರುತ್ತಿತ್ತು, ಅಂದರೆ 45,600 ರೂಪಾಯಿ ಕಡಿಮೆ ಬೀಳುತ್ತಿತ್ತು. ಸ್ಕ್ಯಾನಿಂಗ್ ಮೊದಲಾದ ಸಣ್ಣ ಶುಲ್ಕಗಳು ಇದಕ್ಕೆ ಹೊರತು.

ಸರಿ ನೋಡಲು ಸುಲಭದ ದಾರಿಯೊಂದಿದೆ. ಕಟ್ಟಬೇಕೆಂದು ಕಚೇರಿ ತೋರಿಸಿದ ನೋಂದಣಿ ಶುಲ್ಕವನ್ನು 50ರಿಂದ ಗುಣಿಸಿದರೆ ಅವರು ಹಿಡಿದ ಮೂಲ ಮೊತ್ತ ಸಿಗುತ್ತದೆ; ಮೇಲಿನ ಉದಾಹರಣೆಯಲ್ಲಿ 1,08,000ವನ್ನು 50ರಿಂದ ಗುಣಿಸಿದರೆ 54 ಲಕ್ಷ ಬರುತ್ತದೆ. ಆ ಮೊತ್ತ ಕರಾರಿನ ಬೆಲೆಯೂ ಅಲ್ಲದೆ, ಪಟ್ಟಿಯಿಂದ ತೆಗೆದ ಬೆಲೆಯೂ ಅಲ್ಲದೆ ಮೂರನೆಯದೊಂದು ಆಗಿದ್ದರೆ ವಿಸ್ತೀರ್ಣದಲ್ಲಿ, ರಸ್ತೆಯ ವರ್ಗದಲ್ಲಿ ಅಥವಾ ಕಟ್ಟಡದ ಮೌಲ್ಯದಲ್ಲಿ ತಪ್ಪು ನುಸುಳಿದೆಯೇ ಎಂದು ಹುಡುಕಬೇಕು.

ಇದೇ ಉದಾಹರಣೆಯಲ್ಲಿ ಆದಾಯ ತೆರಿಗೆಯ ಎರಡು ಪರಿಣಾಮಗಳು ಅಡಗಿವೆ. ಬೆಲೆ 48 ಲಕ್ಷವೇ ಆದರೂ ಮುದ್ರಾಂಕ ಮೌಲ್ಯ 50 ಲಕ್ಷ ದಾಟಿರುವುದರಿಂದ, ಕೊಳ್ಳುವವರು ಹೆಚ್ಚಿನ ಮೊತ್ತದ ಶೇ 1ರಷ್ಟು, ಅಂದರೆ 54,000 ರೂಪಾಯಿಯನ್ನು ಟಿಡಿಎಸ್ ಆಗಿ ಮುರಿದುಕೊಂಡು ಮಾರುವವರ ಹೆಸರಿನಲ್ಲಿ ಕಟ್ಟಬೇಕಾಗುತ್ತದೆ. ಎರಡನೆಯದಾಗಿ, ಮುದ್ರಾಂಕ ಮೌಲ್ಯವು ಕ್ರಯದ ಬೆಲೆಗಿಂತ ಶೇ 10ಕ್ಕೂ ಹೆಚ್ಚು ಮೇಲಿದ್ದರೆ ಆ ವ್ಯತ್ಯಾಸವನ್ನು ಕೊಂಡವರ ಆದಾಯವೆಂದೇ ಪರಿಗಣಿಸಲಾಗುತ್ತದೆ. ಇಲ್ಲಿ ವ್ಯತ್ಯಾಸ ಶೇ 12.5 ಇರುವುದರಿಂದ ಆರು ಲಕ್ಷವೂ ತೆರಿಗೆಗೆ ಒಳಪಡುವ ಸಂಭವವಿದೆ. ಕರಾರಿನ ದಿನದಂದೋ ಅದಕ್ಕೂ ಮೊದಲೋ ಮುಂಗಡದ ಒಂದು ಭಾಗ ಬ್ಯಾಂಕಿನ ಮೂಲಕ ಸಂದಿದ್ದರೆ ಕರಾರಿನ ದಿನದ ಮುದ್ರಾಂಕ ಮೌಲ್ಯವನ್ನು ಆಧಾರವಾಗಿ ಹಿಡಿಯಲು ಅವಕಾಶವಿರುವುದರಿಂದ, ಮುಂಗಡವನ್ನು ನಗದಾಗಿ ಕೊಡುವುದು ಈ ದೃಷ್ಟಿಯಿಂದಲೂ ನಷ್ಟದ ದಾರಿ.

ಕರಾರಿನಲ್ಲಿ ‘ಸ್ವಾಧೀನ’ ಎಂಬ ಒಂದು ಪದ

ಇಲ್ಲಿಯವರೆಗೆ ಹೇಳಿದ್ದು ಕ್ರಯಪತ್ರದ ಲೆಕ್ಕ. ಕರಾರಿಗೇ ಎಷ್ಟು ಮುದ್ರಾಂಕ ಬೇಕು ಎಂಬುದು ಅದರಲ್ಲಿ ಸ್ವಾಧೀನದ ಬಗ್ಗೆ ಏನು ಬರೆದಿದೆ ಎಂಬುದನ್ನು ಅವಲಂಬಿಸುತ್ತದೆ. ಕ್ರಯಪತ್ರ ಆಗುವ ಮುನ್ನವೇ ಆಸ್ತಿಯ ಸ್ವಾಧೀನವನ್ನು ಬಿಟ್ಟುಕೊಟ್ಟಿದೆ ಅಥವಾ ಬಿಟ್ಟುಕೊಡಲು ಒಪ್ಪಿದೆ ಎಂದು ಕರಾರಿನಲ್ಲಿದ್ದರೆ, ಅಧಿನಿಯಮದ ಅನುಸೂಚಿಯ 5(ಇ) ಬಾಬಿನಂತೆ ಆ ಕರಾರಿಗೇ ಕ್ರಯಪತ್ರದಷ್ಟು ಮುದ್ರಾಂಕ ಶುಲ್ಕ ಸಲ್ಲಬೇಕು. ಸ್ವಾಧೀನವಿಲ್ಲದ ಕರಾರಿಗೆ ಅದರ ಒಂದು ಸಣ್ಣ ಅಂಶ ಮಾತ್ರ. ಮಾದರಿ ಕರಾರುಗಳನ್ನು ನಕಲು ಮಾಡುವಾಗ ಸ್ವಾಧೀನ ವಹಿಸಿಕೊಟ್ಟಿದೆ ಎಂಬ ವಾಕ್ಯ ಯಾರ ಗಮನಕ್ಕೂ ಬಾರದೆ ಉಳಿದುಬಿಡುವುದುಂಟು. ವಾಸ್ತವದಲ್ಲಿ ಕೀಲಿಕೈ ಮಾರುವವರ ಬಳಿಯೇ ಇದ್ದರೂ ಶುಲ್ಕ ನಿರ್ಧಾರವಾಗುವುದು ಬರೆದ ವಾಕ್ಯದಿಂದ.

ವ್ಯವಹಾರ ಕೆಟ್ಟು ವ್ಯಾಜ್ಯವಾದಾಗ ಇದರ ಬಿಸಿ ತಟ್ಟುತ್ತದೆ. ಸಾಕಷ್ಟು ಮುದ್ರಾಂಕವಿಲ್ಲದ ದಸ್ತಾವೇಜನ್ನು ನ್ಯಾಯಾಲಯ ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ. ಸ್ವೀಕರಿಸಬೇಕಾದರೆ ಕೊರತೆಯ ಶುಲ್ಕದ ಜೊತೆಗೆ ಅದರ ಹತ್ತು ಪಟ್ಟು ದಂಡ ಕಟ್ಟಬೇಕೆಂದು ಕಲಂ 34 ಹೇಳುತ್ತದೆ. ಕರ್ನಾಟಕದ ಒಂದು ಕ್ರಯದ ಕರಾರಿನ ಪ್ರಕರಣದಲ್ಲಿ ಹೈಕೋರ್ಟು ಈ ದಂಡವನ್ನು ಇಳಿಸಿದ್ದನ್ನು 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಒಪ್ಪದೆ, ಹತ್ತು ಪಟ್ಟು ದಂಡವನ್ನು ಕಡಿಮೆ ಮಾಡುವ ಅಧಿಕಾರ ಕಲಂ 34ರ ಅಡಿ ವಿಚಾರಣಾ ನ್ಯಾಯಾಲಯಕ್ಕೆ ಇಲ್ಲವೆಂದು ತೀರ್ಮಾನಿಸಿತು. ಅಲ್ಲದೆ 2001ರ ತಿದ್ದುಪಡಿಯ ನಂತರ, ಸ್ವಾಧೀನ ಪಡೆದ ಖರೀದಿದಾರರು ಆ ಸ್ವಾಧೀನಕ್ಕೆ ಕಾನೂನಿನ ರಕ್ಷಣೆ ಕೇಳಬೇಕಾದರೆ ಕರಾರು ನೋಂದಣಿಯಾಗಿರಲೇಬೇಕು.

ಆಕ್ಷೇಪಿಸುವ ಸಮಯ

ಕಾವೇರಿ 2.0 ಪದ್ಧತಿಯಲ್ಲಿ ದಸ್ತಾವೇಜಿನ ವಿವರಗಳನ್ನು ಮೊದಲು ಆನ್‌ಲೈನಿನಲ್ಲಿ ಸಲ್ಲಿಸಬೇಕಾಗಿದ್ದು, ಉಪನೋಂದಣಾಧಿಕಾರಿಯ ಕಚೇರಿ ಅವನ್ನು ಪರಿಶೀಲಿಸಿ ಮೊತ್ತವನ್ನು ಖಚಿತಪಡಿಸಿದ ನಂತರ ಹಣ ಪಾವತಿ, ಆಮೇಲೆ ಹಾಜರಾತಿಯ ಸಮಯ ನಿಗದಿ ಎಂಬ ಕ್ರಮವಿದೆ. ಮೊತ್ತ ಖಚಿತವಾಗಿ ಹಣ ಇನ್ನೂ ಸಂದಾಯವಾಗದ ಆ ನಡುವಣ ಹಂತವೇ ಪ್ರಶ್ನೆ ಕೇಳಲು ತಕ್ಕ ಸಮಯ. ಪತ್ರ ಬರಹಗಾರರ ಮೂಲಕ ವ್ಯವಹರಿಸುವವರು ಶುಲ್ಕದ ವಿವರ ಪಟ್ಟಿಯ ಪ್ರತಿಯನ್ನು ಆಗಲೇ ಕೇಳಿ ಪಡೆದು, ಮುದ್ರಾಂಕ, ಸೆಸ್, ಸರ್ಚಾರ್ಜ್, ನೋಂದಣಿ ಶುಲ್ಕ ನಾಲ್ಕೂ ಬೇರೆಬೇರೆ ಸಾಲಿನಲ್ಲಿವೆಯೇ ಎಂದು ನೋಡಬೇಕು. ಎಲ್ಲವನ್ನೂ ಒಂದೇ ಮೊತ್ತವಾಗಿ ಹೇಳಿದರೆ ಬರಹಗಾರರ ಸ್ವಂತ ಸಂಭಾವನೆಯೂ ಅದರಲ್ಲಿ ಬೆರೆತಿರಬಹುದು.

ಗ್ರಾಮ, ವಿಸ್ತೀರ್ಣ, ರಸ್ತೆಯ ವರ್ಗದಂಥ ತಪ್ಪಾಗಿದ್ದರೆ ಆರ್‌ಟಿಸಿ, ಖಾತೆ, ನಕ್ಷೆಗಳನ್ನು ತೋರಿಸಿ ಕಚೇರಿಯಲ್ಲಿಯೇ ಸರಿಪಡಿಸಿಕೊಳ್ಳಬಹುದು. ಪಟ್ಟಿಯ ಸಾಲು ಸರಿಯಾಗಿದ್ದೂ, ದಾರಿಯ ತೊಡಕು, ತಗ್ಗು ನೆಲ ಮುಂತಾದ ಕಾರಣಗಳಿಂದ ಆ ಜಾಗದ ನಿಜವಾದ ಬೆಲೆಯೇ ಕಡಿಮೆ ಎಂಬುದು ವಾದವಾಗಿದ್ದರೆ ದಾರಿ ಬೇರೆ: ಕಲಂ 45-ಎ ಪ್ರಕಾರ ಮಾರುಕಟ್ಟೆ ಮೌಲ್ಯವನ್ನು ನಿರ್ಧರಿಸಲು ವಿಷಯವನ್ನು ಜಿಲ್ಲಾ ನೋಂದಣಾಧಿಕಾರಿಯವರಿಗೆ ಕಳುಹಿಸಲಾಗುತ್ತದೆ, ಅಲ್ಲಿ ಎರಡೂ ಕಡೆಯವರು ಆಧಾರಗಳನ್ನು ಒದಗಿಸಬೇಕಾಗುತ್ತದೆ. ಈ ವಿಚಾರಣೆಗೆ ಕಾಲ ಹಿಡಿಯುವುದರಿಂದ, ಬ್ಯಾಂಕ್ ಸಾಲದ ಮಂಜೂರಾತಿಗೂ ಕರಾರಿನಲ್ಲಿ ಬರೆದ ಅವಧಿಗೂ ಮಿತಿಯಿರುವವರು ಉಳಿತಾಯವಾಗುವ ಹಣವನ್ನು ವಿಳಂಬದ ನಷ್ಟದೊಂದಿಗೆ ತೂಗಿ ನೋಡಿದ ಮೇಲೆ ಈ ದಾರಿಯನ್ನು ಹಿಡಿಯುವುದು ಒಳ್ಳೆಯದು.